ಮುದ್ರಿತ ಲೇಬಲ್ ಹಾಳೆಯ ಮೇಲೆ ಮೇಲ್ ಮರ್ಜ್: ವಿಳಾಸ ಚೌಕದೊಳಗೇ ಕೂರಿಸಿದ ಬಗೆ

ಖಾಲಿ ಸ್ಟಿಕರ್ ಹಾಳೆಯ ಮೇಲೆ ವಿಳಾಸ ಒಂದೆರಡು ಮಿ.ಮೀ. ಅತ್ತಿತ್ತ ಬಿದ್ದರೆ ಯಾರೂ ಕೇಳುವುದಿಲ್ಲ. ಆದರೆ ಪ್ರತಿ ಲೇಬಲ್‌ನ ತಲೆಯ ಮೇಲೆ ಕಳುಹಿಸುವವರ ಹೆಸರಿನ ಬಣ್ಣದ ಪಟ್ಟಿ ಮೊದಲೇ ಅಚ್ಚಾಗಿದ್ದರೆ ಅಷ್ಟೇ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಅಕ್ಷರ ಪಟ್ಟಿಯ ಮೇಲೆ ಹತ್ತುತ್ತದೆ, ಇಲ್ಲವೇ ಕೆಳಗಿನ ಲೇಬಲ್‌ಗೆ ಜಾರುತ್ತದೆ. "ಇಂಥ ಹಾಳೆಗೆ ಮೇಲ್ ಮರ್ಜ್ ಆಗಿಬರುವುದಿಲ್ಲ, ಪ್ರೆಸ್ಸಿಗೇ ಕೊಡಿ, ಇಲ್ಲ ಕೈಯಲ್ಲಿ ಬರೆಯಿರಿ" ಎಂದವರು ಬಹಳ ಜನ. ನನ್ನ ಹಾಳೆಗಳಲ್ಲಿ ಈಗ ಮೊದಲ ಚೌಕದಿಂದ ಇಪ್ಪತ್ತೊಂದನೆಯದರವರೆಗೆ ವಿಳಾಸ ಪಟ್ಟಿಯ ಕೆಳಗೆ ನೆಟ್ಟಗೆ ಕೂರುತ್ತಿದೆ. ಹಾಗೆ ಹೇಳಿದವರಿಗೂ ಒಂದೊಂದು ಹಾಳೆ ತೋರಿಸಿದ್ದಾಗಿದೆ.

ನಾನು ಬಳಸುವುದು ಎ4 ಹಾಳೆಯಲ್ಲಿ ಅಡ್ಡಕ್ಕೆ 3, ಕೆಳಕ್ಕೆ 7 ಲೇಬಲ್ ಇರುವ, ಪೇಟೆಯಲ್ಲಿ ಎಲ್7160 ಅಳತೆ ಎಂದು ಹೆಸರಾದ ಬಗೆ. ಒಂದು ಲೇಬಲ್ 63.5 × 38.1 ಮಿ.ಮೀ. ಕಂಬಗಳ ನಡುವೆ ಎರಡೂವರೆ ಮಿ.ಮೀ. ಬಿಡುವು ಇದೆ, ಸಾಲುಗಳ ನಡುವೆ ಬಿಡುವೇ ಇಲ್ಲ. ಮೇಲಂಚು 15.15, ಪಕ್ಕದಂಚು 7.2, ಅಡ್ಡ ಪಿಚ್ 66.04, ಕೆಳ ಪಿಚ್ 38.1. ಪೊಟ್ಟಣದ ಮೇಲೆ ಬರೆದ ಅಂಕಿಯನ್ನು ನಂಬಿಬಿಡಬೇಡಿ. ಉಕ್ಕಿನ ಸ್ಕೇಲಿನಲ್ಲಿ ಮೊದಲ ಲೇಬಲ್‌ನ ಮೇಲಂಚಿನಿಂದ ಏಳನೆಯದರ ಮೇಲಂಚಿನವರೆಗೆ ಅಳೆದು ಆರರಿಂದ ಭಾಗಿಸಿದರೆ ನಿಜವಾದ ಪಿಚ್ ಸಿಗುತ್ತದೆ. ಒಂದೇ ಲೇಬಲ್ ಅಳೆದರೆ ಆಗುವ ತಪ್ಪು ಏಳನೆಯ ಸಾಲಿಗೆ ಬರುವಷ್ಟರಲ್ಲಿ ಆರು ಪಟ್ಟಾಗಿರುತ್ತದೆ.

ಮರ್ಜ್ ಮಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ: ಮೊದಲ ಚೌಕವನ್ನಷ್ಟೇ ಸಿದ್ಧಮಾಡಿ Update Labels ಒತ್ತಬೇಕು, ಉಳಿದ ಚೌಕಗಳ ಬರಹಕ್ಕೆ ಕೈ ಹಾಕಬಾರದು. ವರ್ಡ್‌ಗೆ ಹೋಗುವ ಮೊದಲು ಎಕ್ಸೆಲ್‌ನಲ್ಲೇ ಮುಗಿಸಬೇಕಾದ ಕೆಲಸ ಒಂದಿದೆ. ಮನೆ ಸಂಖ್ಯೆಯ ಕಂಬದಲ್ಲಿ 45 ಎಂಬಂಥ ಬರಿ ಅಂಕಿಯೂ 12/3 ಎಂಬಂಥ ಪಠ್ಯವೂ ಬೆರೆತಿರುತ್ತವೆ. ವರ್ಡ್ ಆ ಕಂಬದ ಮೊದಲ ಕೆಲವು ಸಾಲು ನೋಡಿ ಇದು ಅಂಕಿಯ ಕಂಬ ಎಂದು ತೀರ್ಮಾನಿಸಿಬಿಟ್ಟರೆ 12/3 ಇದ್ದ ಕಡೆ ಸೊನ್ನೆಯೋ ಖಾಲಿಯೋ ಅಚ್ಚಾಗುತ್ತದೆ. ಪಟ್ಟಿಯ ಮೇಲ್ಭಾಗವನ್ನಷ್ಟೇ ನೋಡುವವರಿಗೆ ಇದು ಕಾಣುವುದೇ ಇಲ್ಲ. ಕಂಬದ ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಿಸಿದರೆ ಸಾಲದು, ಮೊದಲೇ ತುಂಬಿದ ಅಂಕಿ ಅಂಕಿಯಾಗಿಯೇ ಉಳಿದಿರುತ್ತದೆ. ಪಕ್ಕದಲ್ಲಿ ಒಂದು ಹೊಸ ಕಂಬ ಮಾಡಿ, ಮರ್ಜ್‌ಗೆ ಅದನ್ನೇ ಕೊಡಿ:

```
=TRIM(C2)&""
```

ಇನ್ನು ಹಾಳೆಯ ಕಡೆಗೆ. ಲೇಬಲ್‌ನ ಎತ್ತರ 38.1 ಇದ್ದರೂ ಮೇಲಿನ ಬಣ್ಣದ ಪಟ್ಟಿಗೆ 11 ಮಿ.ಮೀ. ಹೋಗಿದೆ. ಪಟ್ಟಿಯ ಕೆಳಗೆ ಒಂದೂವರೆ, ಅಡಿಯಲ್ಲಿ ಎರಡು ಮಿ.ಮೀ. ಬಿಟ್ಟರೆ ವಿಳಾಸಕ್ಕೆ ಉಳಿಯುವುದು 23 ಚಿಲ್ಲರೆ. ಬಹಳ ಜನ ಚೌಕದ ಮೇಲ್ಭಾಗದಲ್ಲಿ ಎಂಟರ್ ಒತ್ತಿ ಒತ್ತಿ ವಿಳಾಸವನ್ನು ಕೆಳಗಿಳಿಸುತ್ತಾರೆ. ಫಾಂಟ್ ಬದಲಾದ ಕೂಡಲೇ ಅದು ಕೆಡುತ್ತದೆ. ಇಡೀ ಟೇಬಲನ್ನು ಆರಿಸಿ Table Properties, Cell, Options ಒಳಗೆ Same as the whole table ಎಂಬ ಗುರುತು ತೆಗೆದು ಮೇಲಿನ ಅಂಚಿಗೆ 1.25 ಸೆಂ.ಮೀ. ಕೊಡಿ. ಚೌಕದ ಜೋಡಣೆ Top ಇರಲಿ. Center ಇದ್ದರೆ ಮೂರು ಸಾಲಿನ ವಿಳಾಸ ಒಂದೆಡೆ, ಐದು ಸಾಲಿನದು ಇನ್ನೊಂದೆಡೆ ಕೂತು ಹಾಳೆ ಹಾಳೆಯಂತೆ ಕಾಣುವುದಿಲ್ಲ. ಸಾಲಿನ ಎತ್ತರ Exactly 3.81 ಸೆಂ.ಮೀ. ಇದೆಯೇ ನೋಡಿಕೊಳ್ಳಿ. At least ಎಂದಿದ್ದರೆ ಒಂದು ಉದ್ದ ವಿಳಾಸ ತನ್ನ ಸಾಲನ್ನು ಉಬ್ಬಿಸಿ ಅದರ ಕೆಳಗಿನ ಎಲ್ಲ ಸಾಲುಗಳನ್ನೂ ನೂಕುತ್ತದೆ. ಹಾಗೆಯೇ ಟೇಬಲ್ ಆಯ್ಕೆಗಳಲ್ಲಿ Automatically resize to fit contents ಗುರುತು ತೆಗೆಯಲೇಬೇಕು, ಇಲ್ಲದಿದ್ದರೆ ಇದೇ ಕಿತಾಪತಿ ಅಡ್ಡಡ್ಡಕ್ಕೆ ನಡೆಯುತ್ತದೆ.

ಕನ್ನಡ ವಿಳಾಸಕ್ಕೆ ಸಾಲಿನ ಅಂತರವೇ ದೊಡ್ಡ ತಲೆನೋವು. ಕೆಲವು ಕನ್ನಡ ಫಾಂಟ್‌ಗಳು ಒತ್ತಕ್ಷರಕ್ಕೆಂದು ಧಾರಾಳವಾಗಿ ಜಾಗ ಇಟ್ಟುಕೊಳ್ಳುತ್ತವೆ. ಅಂತರವನ್ನು Single ಬಿಟ್ಟರೆ ನಾಲ್ಕು ಸಾಲಿಗೇ ಚೌಕ ತುಂಬಿಹೋಗುತ್ತದೆ. Exactly ಎಂದು ಬಿಗಿಮಾಡಿದರೆ ಒತ್ತಿನ ಬುಡ ಕತ್ತರಿಸಿಹೋಗುವ ಭಯ. ಲೆಕ್ಕ ಹೀಗಿದೆ: 14 ಪಾಯಿಂಟ್ ಅಂತರ ಎಂದರೆ ಹೆಚ್ಚುಕಡಿಮೆ 4.9 ಮಿ.ಮೀ., ನಮ್ಮ ಜಾಗದಲ್ಲಿ ನಾಲ್ಕೇ ಸಾಲು. 13 ಪಾಯಿಂಟ್ ಎಂದರೆ 4.6, ಐದು ಸಾಲು 23 ಮಿ.ಮೀ. ಒಳಗೆ ಹಿಡಿಯುತ್ತವೆ. ನಾನು ಅಕ್ಷರವನ್ನು 9.5ಕ್ಕೆ ಇಳಿಸಿ ಅಂತರ 13 ಇಟ್ಟಿದ್ದೇನೆ. ಹೀಗೆ ಬಿಗಿಮಾಡುವ ಮೊದಲು ರಾಷ್ಟ್ರೀಯ, ಲಕ್ಷ್ಮೀ, ಜ್ಯೋತ್ಸ್ನಾ ಎಂಬ ಪದಗಳನ್ನು ಸಾಲಾಗಿ ಬರೆದು ಕಾಗದದ ಮೇಲೆ ಅಚ್ಚು ತೆಗೆದು ನೋಡಿ. ಪರದೆಯ ಮೇಲೆ ತುಂಡಾಗಿ ಕಂಡದ್ದು ಕಾಗದದಲ್ಲಿ ಪೂರ್ತಿ ಬರುವುದುಂಟು, ಆದ್ದರಿಂದ ಕಾಗದದ ಮಾತೇ ಮಾತು. ಫಾಂಟ್ ಕಿಟಕಿಯಲ್ಲಿ Complex scripts ಎಂಬ ಬೇರೆ ಜಾಗ ಕಂಡರೆ ಅಲ್ಲಿಯೂ ಅದೇ ಫಾಂಟ್, ಅದೇ ಗಾತ್ರ ಕೊಡಿ. ಕನ್ನಡ ಅಕ್ಷರಗಳಿಗೆ ಬೀಳುವುದು ಆ ಅಳತೆಯೇ.

ಸಾಲು ಮುರಿಯಲು ಶಿಫ್ಟ್ ಎಂಟರ್ ಒಳ್ಳೆಯದು, ಪ್ಯಾರಾ ಅಂತರದ ಕಾಟ ಇರುವುದಿಲ್ಲ ಎಂಬ ಸಲಹೆ ಎಲ್ಲ ಕಡೆ ಕೇಳುತ್ತೇವೆ. ಲೇಬಲ್‌ಗೆ ಅದು ಹೊಂದುವುದಿಲ್ಲ. ಎರಡನೇ ರಸ್ತೆಯ ಕಂಬ ಕೆಲವರಿಗೆ ಖಾಲಿ ಇರುತ್ತದೆ. ಫೀಲ್ಡ್ ಒಂದೇ ಇರುವ ಸಾಲು ಎಂಟರ್‌ನಿಂದ ಮುಗಿದಿದ್ದರೆ ವರ್ಡ್ ಆ ಖಾಲಿ ಸಾಲನ್ನು ತಾನೇ ನುಂಗುತ್ತದೆ, ಶಿಫ್ಟ್ ಎಂಟರ್ ಆಗಿದ್ದರೆ ವಿಳಾಸದ ನಡುವೆ ಹಲ್ಲು ಬಿದ್ದಂತೆ ಸಾಲು ಬಿಟ್ಟುಹೋಗುತ್ತದೆ. ಎಂಟರ್ ಬಳಸಿ, ಪ್ಯಾರಾದ ಹಿಂದೆ ಮುಂದೆ ಇರುವ ಅಂತರ ಎರಡನ್ನೂ ಸೊನ್ನೆ ಮಾಡಿ.

ಆರನೆಯ ಸಾಲಿಗೆ ಹೋಗುವ ವಿಳಾಸ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ, ವರ್ಡ್ ಎಚ್ಚರಿಸುವುದಿಲ್ಲ. ಎಕ್ಸೆಲ್‌ನಲ್ಲಿ LEN ಹಾಕಿ ಉದ್ದದ ಸಾಲುಗಳನ್ನು ಮೊದಲೇ ಹೆಕ್ಕುತ್ತೇನೆ. ಕನ್ನಡದಲ್ಲಿ LEN ಗುಣಿತ, ಒತ್ತುಗಳನ್ನೂ ಬೇರೆ ಬೇರೆ ಎಣಿಸುವುದರಿಂದ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡ ಅಂಕಿ ಬರುತ್ತದೆ. ಪಟ್ಟಿಯನ್ನು ಆ ಅಂಕಿಯ ಪ್ರಕಾರ ಇಳಿಕೆಯಲ್ಲಿ ಜೋಡಿಸಿ ತುದಿಯ ಹತ್ತಿಪ್ಪತ್ತು ವಿಳಾಸ ನೋಡಿದರೆ ಸಾಕು.

ಈಗ ಜೋಡಣೆ. ಮುದ್ರಿತ ಲೇಬಲ್ ಹಾಳೆ ಒಂದರ ಬೆಲೆಗೆ ಸಾದಾ ಹಾಳೆ ಹತ್ತಾರು ಬರುತ್ತವೆ. ಒಂದು ಹಾಳೆ ಕೆಟ್ಟರೆ 21 ಲೇಬಲ್ ಕೆಟ್ಟಂತೆ. ಹಾಗಾಗಿ ಪರೀಕ್ಷೆಯೆಲ್ಲ ಸಾದಾ ಹಾಳೆಯಲ್ಲೇ. ಟೇಬಲ್‌ಗೆ ತಾತ್ಕಾಲಿಕವಾಗಿ ತೆಳು ಗೆರೆ ಹಾಕಿ ಅಚ್ಚು ತೆಗೆದು, ಲೇಬಲ್ ಹಾಳೆಯೊಂದಿಗೆ ಅಂಚು ಸೇರಿಸಿ ಕಿಟಕಿಗೆ ಹಿಡಿದು, ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಎಷ್ಟು ತಪ್ಪಿದೆ ಎಂದು ಬರೆದುಕೊಳ್ಳಬೇಕು. ಒಂದೇ ಕಡೆ ಅಳೆಯುವವರು ಅಂಚು ತಿದ್ದುತ್ತಲೇ ಇರುತ್ತಾರೆ, ಹಾಳೆ ಮುಗಿಯುತ್ತದೆ, ತಪ್ಪು ಮುಗಿಯುವುದಿಲ್ಲ.

ನನ್ನ ಪ್ರಿಂಟರ್‌ನಲ್ಲಿ ಮೊದಲು ಬಂದದ್ದು ಹೀಗೆ: ಮೊದಲ ಸಾಲು ಒಂದೂವರೆ ಮಿ.ಮೀ. ಕೆಳಗೆ, ಏಳನೆಯ ಸಾಲು ಸುಮಾರು 3 ಮಿ.ಮೀ. ಮೇಲೆ. ಎರಡಕ್ಕೂ ನಡುವೆ ನಾಲ್ಕೂವರೆ ಮಿ.ಮೀ. ವ್ಯತ್ಯಾಸ. ಆ ಎರಡು ಸಾಲುಗಳ ನಿಜವಾದ ದೂರ 228.6 ಆದ್ದರಿಂದ, ನೂರಕ್ಕೆ ಎರಡರಷ್ಟು ಕುಗ್ಗಿದೆ ಎಂದರ್ಥ. ಪಿಚ್ ತಪ್ಪೋ ಕುಗ್ಗುವಿಕೆಯೋ ಎಂದು ತಿಳಿಯಲು ಅಡ್ಡಕ್ಕೂ ಅಳೆಯಬೇಕು. ಎಡತುದಿಯ ಕಂಬಕ್ಕೂ ಬಲತುದಿಯ ಕಂಬಕ್ಕೂ 132 ಇರಬೇಕಾದದ್ದು 129.5ರ ಹತ್ತಿರ ಬಂದಿತ್ತು. ಅಡ್ಡಕ್ಕೂ ಅದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಅದು ಪ್ರಿಂಟಿನ ಸ್ಕೇಲ್. ಉದ್ದಕ್ಕೆ ಮಾತ್ರ ಕುಗ್ಗಿ ಅಡ್ಡ ಸರಿಯಿದ್ದರೆ ಪಿಚ್ ತಪ್ಪಾಗಿ ತುಂಬಿದ್ದೀರಿ.

ಸ್ಕೇಲ್ ಅಡಗಿರುವ ಜಾಗ ಒಂದಲ್ಲ. ಪ್ರಿಂಟ್ ಕಿಟಕಿಯಲ್ಲಿ 1 Page Per Sheet ಒಳಗಿನ Scale to Paper Size ಎಂಬುದು No Scaling ಇರಬೇಕು. ವರ್ಡ್‌ನ Options, Advanced ಒಳಗೆ Scale content for A4 or 8.5 x 11" paper sizes ಎಂಬ ಗುರುತು ತೆಗೆಯಬೇಕು. ಪಿಡಿಎಫ್ ಮಾಡಿ ಅಚ್ಚು ತೆಗೆಯುವವರು Fit ಬಿಟ್ಟು Actual size ಆರಿಸಬೇಕು. ಡ್ರೈವರ್‌ನಲ್ಲೂ ಕಾಗದ ಎ4 ಎಂದೇ ಇರಬೇಕು.

ಅವೆಲ್ಲ ಸರಿಮಾಡಿದ ಮೇಲೆ ಇಡೀ ಹಾಳೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ, ಸುಮಾರು 1 ಮಿ.ಮೀ. ಮೇಲಿತ್ತು. ಇದು ಬರಿ ಸ್ಥಳಾಂತರ, ಪುಟದ ಮೇಲಂಚನ್ನು 15.15ರಿಂದ 16.2ಕ್ಕೆ ಏರಿಸಿದರೆ ಮುಗಿಯಿತು. ಇದನ್ನು Layout, Margins ಒಳಗೇ ಮಾಡಿ. ಮತ್ತೆ Label Options ತೆರೆದು ಹೊಸ ಅಳತೆ ಕೊಟ್ಟರೆ ವರ್ಡ್ ನೀವು ಕೂರಿಸಿದ ಫೀಲ್ಡುಗಳನ್ನೆಲ್ಲ ಅಳಿಸಿ ಹೊಸ ಟೇಬಲ್ ಹಾಸುತ್ತದೆ. ಕೆಳಂಚು ಸೊನ್ನೆ ಇರಲಿ. ಇಲ್ಲದಿದ್ದರೆ ಟೇಬಲ್‌ನ ಕೆಳಗೆ ಬರುವ ಒಂಟಿ ಪ್ಯಾರಾ ಮುಂದಿನ ಪುಟಕ್ಕೆ ದೂಡಿಸಿಕೊಂಡು, ಪ್ರತಿ ಹಾಳೆಯ ಹಿಂದೆ ಒಂದು ಖಾಲಿ ಲೇಬಲ್ ಹಾಳೆ ಪ್ರಿಂಟರಿನಿಂದ ಹೊರಬೀಳುತ್ತದೆ. ಆ ಪ್ಯಾರಾದ ಅಕ್ಷರದ ಗಾತ್ರ 1 ಪಾಯಿಂಟ್ ಮಾಡಿಟ್ಟರೆ ಇನ್ನೂ ನಿಶ್ಚಿಂತೆ.

ಇಷ್ಟಾದರೂ ಅರ್ಧ, ಮುಕ್ಕಾಲು ಮಿ.ಮೀ. ಆಟ ಉಳಿಯುತ್ತದೆ, ಪ್ರಿಂಟರ್ ಕಾಗದ ಎಳೆಯುವ ರೀತಿಯೇ ಹಾಗೆ. ಮುದ್ರಿತ ಹಾಳೆಯಲ್ಲಿ ಇನ್ನೊಂದು ಆಟವೂ ಸೇರುತ್ತದೆ: ಬಣ್ಣದ ಪಟ್ಟಿಯ ಅಚ್ಚಿಗೂ ಲೇಬಲ್ ಕತ್ತರಿಸಿದ ಗೆರೆಗೂ ಕಟ್ಟಿನಿಂದ ಕಟ್ಟಿಗೆ ಹೊಂದಿಕೆ ಬದಲಾಗುತ್ತದೆ. ಪಟ್ಟಿಯ ಕೆಳಗೆ ಒಂದೂವರೆ ಮಿ.ಮೀ. ಬಿಟ್ಟದ್ದು ಇದಕ್ಕೇ. ಹೊಸ ಕಟ್ಟು ಬಿಚ್ಚಿದಾಗ ಅದರ ಒಂದು ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡುವುದು ನನ್ನ ನಿಯಮ. ಹಾಳೆಯನ್ನು ಎಂದೂ ಒಂದೇ ಅಂಚು ಮುಂದಾಗಿ, ಕೈ ತಟ್ಟೆಯಿಂದ, ಪಕ್ಕದ ಹಿಡಿಗಳನ್ನು ಕಾಗದಕ್ಕೆ ಮುಟ್ಟಿಸಿ ಕೊಡಬೇಕು. ಯಾವ ಅಂಚು ಮುಂದಿರಬೇಕು ಎಂದು ಕಂಡುಕೊಳ್ಳಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಎಕ್ಸೆಲ್‌ನಿಂದ ನೇರ ಅಚ್ಚು ತೆಗೆಯುವುದು ಬೇಡವೇ ಬೇಡ: ಅಲ್ಲಿ ಕಂಬದ ಅಗಲವನ್ನು ಅಕ್ಷರದ ಲೆಕ್ಕದಲ್ಲಿ ಅಳೆಯುವುದರಿಂದ ಮಿ.ಮೀ. ಹಿಡಿತಕ್ಕೆ ಬರುವುದಿಲ್ಲ. ಲಿಬ್ರೆ ಆಫೀಸ್ ರೈಟರ್‌ನ ಲೇಬಲ್ ಸೌಲಭ್ಯ ಕೆಲಸ ಮಾಡಿತು, ಒಂದು ಚೌಕ ತಿದ್ದಿ ಉಳಿದವಕ್ಕೆ ಹಂಚುವುದೂ ಅಲ್ಲಿದೆ, ಆದರೆ ಕೈಗೆ ವರ್ಡ್ ಒಗ್ಗಿಹೋಗಿದೆ. ಅರ್ಧ ಬಳಸಿದ ಹಾಳೆಯನ್ನು ಉಳಿತಾಯಕ್ಕೆಂದು ಲೇಸರ್ ಪ್ರಿಂಟರ್‌ಗೆ ಮತ್ತೆ ಹಾಕುವುದು ಮಾತ್ರ ದುಬಾರಿ ಉಳಿತಾಯ. ಲೇಬಲ್ ಕಿತ್ತ ಜಾಗದ ಅಂಚು ಏಳುತ್ತದೆ, ಬಿಸಿ ರೋಲರ್‌ಗೆ ಸ್ಟಿಕರ್ ಅಂಟಿದರೆ ರಿಪೇರಿಯ ಖರ್ಚು ಒಂದು ಪೊಟ್ಟಣ ಲೇಬಲ್‌ಗಿಂತ ಹೆಚ್ಚು. ಇಂಕ್‌ಜೆಟ್‌ಗೆಂದು ಮಾಡಿದ ಲೇಬಲ್ಲೂ ಲೇಸರ್‌ಗೆ ಬೇಡ, ಶಾಖಕ್ಕೆ ಅಂಟು ಕರಗುತ್ತದೆ.

ಕೊನೆಗೆ, ನೇರವಾಗಿ Print Documents ಒತ್ತುವುದಿಲ್ಲ. Edit Individual Documents ಮಾಡಿ ಸಿದ್ಧ ಕಡತವನ್ನು ಉಳಿಸಿಕೊಂಡು, ಹತ್ತು ಹತ್ತು ಪುಟವಾಗಿ ಕಳಿಸುತ್ತೇನೆ. ಆರನೆಯ ಹಾಳೆ ಸಿಕ್ಕಿಕೊಂಡರೆ ಆರನೆಯ ಪುಟವನ್ನಷ್ಟೇ ಮತ್ತೆ ತೆಗೆದರಾಯಿತು, ಯಾವ ವಿಳಾಸ ಆಯಿತು ಯಾವುದು ಬಿಟ್ಟಿತು ಎಂದು ಪಟ್ಟಿ ಹಿಡಿದು ಹುಡುಕಬೇಕಿಲ್ಲ. ನೂರು ಹಾಳೆಯ ಕೆಲಸಕ್ಕೆ ನಾಲ್ಕೈದು ಹಾಳೆ ಹೆಚ್ಚು ಇಟ್ಟುಕೊಂಡರೆ ಸಾಕಾಗುತ್ತಿದೆ.