ಚೇಂಜ್ ಹಿಸ್ಟರಿಯಲ್ಲಿ ಸಿಗದ ಹದಿನೈದು ದಿನ

ಕೋಲಾರದಲ್ಲಿ ಡ್ರಿಪ್ ಪೈಪು, ಮಲ್ಚಿಂಗ್ ಶೀಟು, ಸ್ಪ್ರಿಂಕ್ಲರ್ ಮಾರುವ ಅಂಗಡಿಯವರೊಬ್ಬರು ಮಾರ್ಚ್ 17ಕ್ಕೆ ನನ್ನನ್ನು ಕರೆದರು. ಟೊಮೇಟೊ ನಾಟಿ ಮಾಡುವವರೇ ಅವರ ಗಿರಾಕಿಗಳು. ಗೂಗಲ್ ಆಡ್ಸ್‌ನಿಂದ ಬರುವ ಫೋನುಗಳು ಎರಡು ವಾರದಿಂದ ಅರ್ಧಕ್ಕರ್ಧ ಕಮ್ಮಿಯಾಗಿದ್ದವು. "ರೇಟ್ ಜಾಸ್ತಿ ಹಾಕಿದ್ರೆ ಸರಿ ಹೋಗುತ್ತಾ ನೋಡಪ್ಪ" ಅಂದರು.

ಮೊದಲು `Change history` ತೆರೆದೆ. 8, 11 ಮತ್ತು 16ನೇ ತಾರೀಕು, ಮೂರು ಸಲ ಬಿಡ್ಡಿಂಗ್, ಅಂದರೆ ಆಡ್ ಹರಾಜಿನಲ್ಲಿ ರೇಟ್ ಕೂಗುವ ರೀತಿ, ಬದಲಾಗಿತ್ತು. ಫೋನು ಕಮ್ಮಿಯಾಯ್ತು ಅಂತ ಅವರ ಅಕ್ಕನ ಮಗ ಅದರ ಗುರಿಯನ್ನು ಕನ್ವರ್ಷನ್, ಅಂದರೆ ಇವರಿಗೆ ಬರುವ ಕರೆ, ಬಿಟ್ಟು ಕ್ಲಿಕ್‌ಗೆ ಹಾಕಿದ್ದ, ಆಮೇಲೆ ಟಾರ್ಗೆಟ್ ಇಲ್ಲದೆ ಕನ್ವರ್ಷನ್‌ಗೆ, ಕೊನೆಗೆ ಮತ್ತೆ ಹಳೆಯ ಟಾರ್ಗೆಟ್‌ಗೆ. ಒಂದೊಂದು ಸಲವೂ ಎಷ್ಟು ರೇಟ್ ಕೂಗಬೇಕು ಅನ್ನುವ ಗೂಗಲ್ ಸಿಸ್ಟಮ್ಮಿನ ಕಲಿಕೆ ಮತ್ತೆ ಶುರು. ಇದೇ ಕಾರಣ ಅಂತ ಅಲ್ಲೇ ಮುಗಿಸಬಹುದಿತ್ತು.

ಆದರೆ ತಾರೀಕು ಹೊಂದುತ್ತಿರಲಿಲ್ಲ. ದಿನವಾರು ರಿಪೋರ್ಟಿನಲ್ಲಿ ಇಂಪ್ರೆಷನ್, ಅಂದರೆ ಆಡ್ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ, ಬಿದ್ದಿದ್ದು 5ಕ್ಕೆ, ಮೊದಲ ಬದಲಾವಣೆ ಆಗಿದ್ದು 8ಕ್ಕೆ. ಹುಡುಗ ಕೈ ಹಾಕುವ ಮೊದಲೇ ಏನೋ ಆಗಿತ್ತು. 1ರಿಂದ 7ರವರೆಗೆ ಹಿಸ್ಟರಿಯಲ್ಲಿ ಒಂದು ಸಾಲೂ ಇಲ್ಲ. ಅದು ಅಕೌಂಟಿನಲ್ಲಿ ಮಾಡಿದ ಬದಲಾವಣೆಗಳ ಪಟ್ಟಿ. ಆಡ್ ಮೇಲೆ ಬಂದ ಪಾಲಿಸಿ ತೀರ್ಪನ್ನು ಬೇರೆ ಕಡೆ ಹುಡುಕಬೇಕು.

ರಿಪೋರ್ಟನ್ನು ಆಡ್ ಗ್ರೂಪ್ ಪ್ರಕಾರ ಬಿಡಿಸಿದೆ. ಹಿಂದಿನ ನಾಲ್ಕು ವಾರ ಡ್ರಿಪ್ ಗ್ರೂಪಿಗೆ ದಿನಕ್ಕೆ ಸುಮಾರು 520 ಇಂಪ್ರೆಷನ್, ಉಳಿದ ಎರಡಕ್ಕೆ ಸೇರಿ 380. 5ರಿಂದ ಡ್ರಿಪ್ ಸೊನ್ನೆ. ಉಳಿದವು 7ರವರೆಗೆ ಹಾಗೇ ಇದ್ದವು. ಆಡ್‌ಗಳ ಪಟ್ಟಿಯಲ್ಲಿ `Policy details` ಕಾಲಂ ಹಾಕಿಕೊಂಡರೆ ಡ್ರಿಪ್‌ನ ಎರಡೂ ಆಡ್ `Disapproved`, ಕಾರಣ `Destination not working`. ಇದರ ಮೇಲ್ 4ರ ಸಂಜೆಯೇ ಬಂದಿತ್ತು, ಕೆಲಸ ಬಿಟ್ಟು ಹೋದ ಹುಡುಗನೊಬ್ಬನ ವಿಳಾಸಕ್ಕೆ.

ಅಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ ಯಾಕೆ? ಅವರು ನೋಡುತ್ತಿದ್ದದ್ದು ಇಂಪ್ರೆಷನ್ ಷೇರ್. ಡ್ರಿಪ್ ನಿಂತಾಗ ಅದು ಬೀಳಲೇ ಇಲ್ಲ. ಸಿಕ್ಕ ಇಂಪ್ರೆಷನ್ನನ್ನು, ಸಿಗಬಹುದಾಗಿದ್ದ ಇಂಪ್ರೆಷನ್‌ನಿಂದ ಭಾಗಿಸಿ ಆ ಲೆಕ್ಕ ಬರುತ್ತೆ. ಸಿಗಬಹುದಾಗಿದ್ದದ್ದು ಎಷ್ಟು ಅಂತ ಅಂದಾಜು ಮಾಡುವಾಗ ಆಡ್‌ನ ಅಪ್ರೂವಲ್ಲನ್ನೂ ನೋಡುತ್ತಾರೆ. ತಿರಸ್ಕಾರವಾದ ಆಡ್ ಹರಾಜಿಗೇ ಹೋಗಲ್ಲ, ಹಾಗಾಗಿ ಕಳೆದುಕೊಂಡ ಲೆಕ್ಕಕ್ಕೂ ಬರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತೆ ನನಗೆ. ಕಲಿಕೆಯ ನಷ್ಟ ಹಾಗಲ್ಲ. 8ರಿಂದ ಉಳಿದ ಎರಡು ಗ್ರೂಪುಗಳಲ್ಲಿ ರ‍್ಯಾಂಕ್ ಕಾರಣಕ್ಕೆ ಕೈತಪ್ಪಿದ ಪಾಲು ಏರಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಮಲ್ಚಿಂಗ್‌ನ ಒಂದು ಆಡ್ ಎಲಿಜಿಬಲ್ ಲಿಮಿಟೆಡ್, ಅಂದರೆ ಮಿತಿಯೊಳಗೆ ಓಡಬಹುದು, ಅಂತಲೂ ಇತ್ತು, ಬ್ರ್ಯಾಂಡ್ ಹೆಸರು ಬರೆದಿದ್ದಕ್ಕೆ. ಅದು ತಿಂಗಳುಗಳಿಂದ ಹಾಗೇ ಇದ್ದು, ಹಾಗೇ ಓಡುತ್ತಿತ್ತು. ಈ ಕುಸಿತಕ್ಕೆ ಅದು ಕಾರಣ ಆಗಲ್ಲ ಅಲ್ವಾ? ಮುಟ್ಟಲಿಲ್ಲ.

ಡ್ರಿಪ್ ಪೇಜ್ ಮಾತ್ರ ಬೇರೆ ಹೋಸ್ಟಿಂಗ್‌ನಲ್ಲಿತ್ತು. ನಮ್ಮ ಮೊಬೈಲಿನಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಆದರೆ ಪೇಜ್ ಪರೀಕ್ಷೆ ಮಾಡೋದು ಗೂಗಲ್‌ನ ಆಡ್ಸ್‌ಬಾಟ್. ಅದರ ಹೆಸರಿನಲ್ಲೇ ಕೇಳಿ ನೋಡಿದೆ:

```
curl -I -A "AdsBot-Google (+http://www.google.com/adsbot.html)" https://example.com/drip
```

ವಿಳಾಸದ ಜಾಗದಲ್ಲಿ ನಿಮ್ಮ ಪೇಜ್ ಹಾಕಿ. ನಮಗೆ ಬಂದ ಉತ್ತರ 403, ಅಂದರೆ ಒಳಗೆ ಬಿಡಲ್ಲ. ಹೋಸ್ಟಿಂಗ್‌ನವರು ಹೊಸ ಫೈರ್‌ವಾಲ್ ಹಾಕಿ ಬಾಟ್‌ಗಳನ್ನೆಲ್ಲ ತಡೆದಿದ್ದರು. ಇಲ್ಲಿ 200 ಬಂದರೂ ಪೂರ್ತಿ ನಿಶ್ಚಿಂತೆ ಬೇಡ. ಕೆಲವು ಫೈರ್‌ವಾಲ್‌ಗಳು ಹೆಸರು ನೋಡದೆ ಐಪಿ ನೋಡಿ ತಡೆಯುತ್ತವೆ, ಆಗ ಸರ್ವರ್ ಲಾಗ್ ನೋಡಲೇಬೇಕು.

18ಕ್ಕೆ ತಡೆ ತೆಗೆಸಿ, ಮತ್ತೆ 200 ಬಂದ ಮೇಲೆಯೇ ಅಪೀಲ್ ಹಾಕಿದೆ. ಮೊದಲೇ ಹಾಕಿದ್ದರೆ ಬಾಟ್ ಮತ್ತೆ ಅದೇ 403 ನೋಡುತ್ತಿತ್ತು. 19ರ ಸಂಜೆ ಅಪ್ರೂವ್ ಆಯ್ತು.

ನಷ್ಟವನ್ನು ಎರಡು ಭಾಗ ಮಾಡಿ ಅಂಗಡಿಯ ಅಣ್ಣನ ಮುಂದೆ ಇಟ್ಟೆ. ಡ್ರಿಪ್ 5ರಿಂದ 19ರವರೆಗೆ 15 ದಿನ ನಿಂತಿತ್ತು. 520ರಂತೆ 7,800 ಇಂಪ್ರೆಷನ್. ಉಳಿದ ಗ್ರೂಪುಗಳು 8ರಿಂದ 26ರವರೆಗೆ 380 ಇರಬೇಕಾದಲ್ಲಿ ಸರಾಸರಿ 210 ಕೊಟ್ಟವು. 19 ದಿನಕ್ಕೆ 3,230. ಬೇಡಿಕೆ ಮೊದಲಿನಷ್ಟೇ ಇತ್ತು ಅಂತ ಹಿಡಿದು ಮಾಡಿದ ಅಂದಾಜಿದು. ವಾಪಸ್ ಬಂದ ಮೇಲೆ ಡ್ರಿಪ್ ಕುಂಟಿದ ದಿನಗಳನ್ನು ಸೇರಿಸಿಲ್ಲ. ಆದರೂ ದೊಡ್ಡ ಪಾಲು ಯಾವುದರದು ಅಂತ ಗೊತ್ತಾಯ್ತು.

ಬಿಡ್ಡಿಂಗ್ 16ರಂದು ಹಳೆಯ ಜಾಗಕ್ಕೇ ಬಂದಿತ್ತು, ನಾನು ಮುಟ್ಟಲಿಲ್ಲ. ಹೊಂದಿಕೊಳ್ಳೋಕೆ ಸುಮಾರು 50 ಕನ್ವರ್ಷನ್ ಬೇಕಾಗಬಹುದು ಅಂತ ಗೂಗಲ್ಲೇ ಹೇಳುತ್ತೆ. ಇವರಿಗೆ ದಿನಕ್ಕೆ ನಾಲ್ಕೈದು ಕರೆ. ಹತ್ತು ಹನ್ನೊಂದು ದಿನ ಸುಮ್ನೆ ಬಿಡಿ ಅಂದೆ. ಅಣ್ಣನಿಗೆ ಸಮಾಧಾನ ಇರಲಿಲ್ಲ, ದಿನಾ ಫೋನ್ ಮಾಡುತ್ತಿದ್ದರು. 27ಕ್ಕೆ ಆ ಎರಡು ಗ್ರೂಪುಗಳು ಮತ್ತೆ 380 ಮುಟ್ಟಿದವು. ಅವತ್ತೇ ಪಾಲಿಸಿ ಮೇಲ್‌ಗಳು ಅಣ್ಣನ ವಿಳಾಸಕ್ಕೂ ನನ್ನದಕ್ಕೂ ಬರುವ ಹಾಗೆ ಮಾಡಿ, ಹೋಸ್ಟಿಂಗ್‌ನಲ್ಲಿ ಏನಾದರೂ ಬದಲಾದರೆ ಮೊದಲು ನನಗೊಂದು ಫೋನ್ ಮಾಡು ಅಂತ ಅಕ್ಕನ ಮಗನಿಗೆ ಹೇಳಿ ಬಂದೆ.