ಡ್ರೈವರ್‌ಗೂ ಪರೀಕ್ಷೆ ಬರೆಯುವವರಿಗೂ ಯಾವ ಅಲರ್ಜಿ ಗುಳಿಗೆ?

ಜೋಳದ ರಾಶಿಯ ಧೂಳಿಗೆ ಸೀನು ಹತ್ತಿದೆ, ರಾತ್ರಿ ವಿಜಯಪುರದಿಂದ ಸೊಲ್ಲಾಪುರಕ್ಕೆ ಲಾರಿ ಓಡಿಸಬೇಕು ಅಂದ್ರೆ ಡಾಕ್ಟರ ಹತ್ತಿರ ಫೆಕ್ಸೊಫೆನಾಡಿನ್ ಕೇಳಿ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 120 ಮಿ.ಗ್ರಾಂನ ಒಂದು ಗುಳಿಗೆ. ಇದು ಮಿದುಳಿನೊಳಗೆ ಹೋಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ನಿದ್ದೆ ತರುವುದಿಲ್ಲ. ಸೆಟಿರಿಜಿನ್ ಸ್ವಲ್ಪ ಒಳಗೆ ಹೋಗುತ್ತದೆ, ಕೆಲವರಿಗೆ ಮಂಪರು ಬರುತ್ತದೆ. ಲೆವೊಸೆಟಿರಿಜಿನ್ ಕೂಡ ಅದರ ತಮ್ಮನೇ. ಕ್ಲೋರ್‌ಫೆನಿರಮೈನ್ ಅಂತೂ ಗಾಡಿ ಓಡಿಸುವವರಿಗೆ ಬೇಡವೇ ಬೇಡ. ರಾತ್ರಿ ನುಂಗಿದ್ದರೂ ಬೆಳಿಗ್ಗೆ ಪರೀಕ್ಷೆಯಲ್ಲಿ ತಲೆ ಭಾರ ಇರಬಹುದು. ನೆಗಡಿಯ ಮಿಕ್ಸ್ ಗುಳಿಗೆಗಳಲ್ಲಿ ಜಾಸ್ತಿ ಅದೇ ಸೇರಿರುತ್ತದೆ, ಹಾಗಾಗಿ ಗುಳಿಗೆ ಪಟ್ಟಿಯ ಹಿಂದೆ ಬರೆದ ಔಷಧಿಯ ಹೆಸರು ಓದಿಯೇ ತಗೊಳ್ಳಿ. ಫೆಕ್ಸೊಫೆನಾಡಿನ್ ನೀರಿನ ಜೊತೆಗೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಅದು ಮೈಗೆ ಹತ್ತುವುದೇ ಕಡಿಮೆ. ಅಸಿಡಿಟಿಯ ಔಷಧಿ ಕುಡಿಯುವವರು ಎರಡರ ನಡುವೆ ಎರಡು ತಾಸು ಬಿಡಿ. ಜ್ವರ, ಗಂಟಲು ನೋವಿನ ಜೊತೆ ಬಂದ ನೆಗಡಿಗೆ ಫೆಕ್ಸೊಫೆನಾಡಿನ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಯಾವ ಗುಳಿಗೆಯಾದರೂ ಮೊದಲ ಸಲ ರಜೆಯ ದಿನ ನುಂಗಿ ನೋಡಿ, ಪರೀಕ್ಷೆಯ ದಿನ ಅಲ್ಲ.