ಒಂಬತ್ತು ತಿಂಗಳ ದುಡ್ಡು: ಎಫ್‌ಡಿಯಲ್ಲೋ, ಆರ್ಬಿಟ್ರೇಜ್ ಫಂಡ್‌ನಲ್ಲೋ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಏಪ್ರಿಲ್‌ನಲ್ಲಿ 10 ಲಕ್ಷ ರೂಪಾಯಿ ಬಾಕಿ ಬಂತು ಎನ್ನೋಣ. ಜನವರಿಯ ಹೊಸ ಖರೀದಿಗೆ ಅದೇ ದುಡ್ಡು ಬೇಕು. ನಡುವಿನ ಒಂಬತ್ತು ತಿಂಗಳು ಅದನ್ನು ಎಲ್ಲಿಡಬೇಕು? ಇದನ್ನು ತೀರ್ಮಾನಿಸುವುದು ಬಡ್ಡಿ ದರಕ್ಕಿಂತ ಹೆಚ್ಚಾಗಿ ತೆರಿಗೆ. ಆದ್ದರಿಂದ ಮೊದಲು ನಿಮ್ಮ ರಿಟರ್ನ್ ತೆಗೆದು ಯಾವ ಸ್ಲ್ಯಾಬ್‌ನಲ್ಲಿದ್ದೀರಿ ನೋಡಿಕೊಳ್ಳಿ.

ಬ್ಯಾಂಕಿನ ಎಫ್‌ಡಿ ಮತ್ತು ಷೇರಿನ ಎರಡು ಬೆಲೆಗಳ ಅಂತರದಿಂದ ಗಳಿಸುವ ಆರ್ಬಿಟ್ರೇಜ್ ಫಂಡ್, ಎರಡೂ ಕಡೆ ವರ್ಷಕ್ಕೆ ಶೇ 6.5ರಷ್ಟೇ ಸಿಗುತ್ತದೆ ಎಂದು ಹಿಡಿದರೆ ಒಂಬತ್ತು ತಿಂಗಳಿಗೆ ಸುಮಾರು 48,750 ರೂ. ಎಫ್‌ಡಿ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ 15,210 ರೂ. ತೆರಿಗೆ. ಆರ್ಬಿಟ್ರೇಜ್ ಫಂಡ್‌ಗೆ ಷೇರು ಫಂಡ್‌ನ ತೆರಿಗೆ: ವರ್ಷದೊಳಗೆ ಮಾರಿದರೆ ಶೇ 20, ಸೆಸ್ ಸೇರಿ 10,140 ರೂ. ಉಳಿತಾಯ 5,070 ರೂ. ಶೇ 20ರ ಸ್ಲ್ಯಾಬ್‌ನವರಿಗೆ ಎರಡೂ ಸಮ.

ಇಲ್ಲೇ ಬಹಳ ಜನ ಎಡವುತ್ತಾರೆ. ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದಾಗಿ ಎಫ್‌ಡಿ ಬಡ್ಡಿಗೆ ತೆರಿಗೆಯೇ ಬರುವುದಿಲ್ಲ. ಆದರೆ ಆರ್ಬಿಟ್ರೇಜ್ ಫಂಡ್‌ನ ಲಾಭಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಅಂಥವರು ಸುಮ್ಮನೆ ಎಫ್‌ಡಿಯಲ್ಲಿಡುವುದೇ ಸರಿ. ಒಂದೇ ರಸೀದಿ ಮಾಡದೆ ಎರಡೂವರೆ ಲಕ್ಷದ ನಾಲ್ಕು ಮಾಡಿಸಿ, ಒಂದೊಂದನ್ನು ಬೇರೆ ಬೇರೆ ಬ್ಯಾಂಕ್‌ನಲ್ಲಿಡಿ. ನಡುವೆ ದುಡ್ಡು ಬೇಕಾದರೆ ಒಂದನ್ನಷ್ಟೇ ಮುರಿಸಬಹುದು. ಒಂದು ಬ್ಯಾಂಕಿನಲ್ಲಿ ಠೇವಣಿ ವಿಮೆ ಇರುವುದು ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ.

ಶೇ 30ರವರು ಫಂಡ್ ಆರಿಸುವ ಮೊದಲು ಅದರೊಳಗೆ ನಡೆಯುವುದನ್ನು ತಿಳಿದುಕೊಳ್ಳಬೇಕು. ಫಂಡ್ 1,000 ರೂ.ಗೆ ಷೇರು ಕೊಂಡು, ಅದನ್ನೇ ತಿಂಗಳ ಕೊನೆಯ ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ತಾರೀಖಿಗೆ ಇಂದೇ ಬೆಲೆ ಕುದುರಿಸುವ ಒಪ್ಪಂದದಲ್ಲಿ, 1,006ಕ್ಕೆ ಮಾರಿರುತ್ತದೆ. ಅವಧಿ ಮುಗಿಯುವ ದಿನ ಎರಡೂ ಬೆಲೆ ಒಂದಾಗುವುದರಿಂದ ಷೇರು ಏರಲಿ, ಇಳಿಯಲಿ, ಖರ್ಚು ಕಳೆಯುವ ಮುನ್ನ 6 ರೂ. ಗಟ್ಟಿ. ಆದರೆ ನಡುವೆ ಆ ಅಂತರ 6ರಿಂದ 9ಕ್ಕೆ ಹಿಗ್ಗಿದರೆ ಫಂಡ್ ಯೂನಿಟ್‌ನ ಅಂದಿನ ಬೆಲೆಯಾದ ಎನ್‌ಎವಿ ಇಳಿದು ಕಾಣುತ್ತದೆ. ಅದನ್ನು ನೋಡಿ ಗಾಬರಿಯಿಂದ ಮಾರಿದವರಿಗೇ ನಷ್ಟ. ಮೂರು ತಿಂಗಳೊಳಗೆ ಬೇಕಾಗುವ ದುಡ್ಡನ್ನು ಇದಕ್ಕೆ ಹಾಕಬೇಡಿ.

ಕೊಳ್ಳುವಾಗ ಏಜೆಂಟರ ಕಮಿಷನ್ ಇಲ್ಲದ ‘ಡೈರೆಕ್ಟ್’ ಮತ್ತು ಲಾಭ ಫಂಡ್‌ನಲ್ಲೇ ಉಳಿಯುವ ‘ಗ್ರೋತ್’ ಎಂದೇ ಗುರುತು ಹಾಕಿ. ಡಿವಿಡೆಂಡ್ ಆಯ್ಕೆ ಮಾಡಿದರೆ ಬಂದ ಹಣಕ್ಕೆ ಸ್ಲ್ಯಾಬ್ ತೆರಿಗೆ ಬಿದ್ದು, ಉಳಿತಾಯವೆಲ್ಲ ಹೋಗುತ್ತದೆ. ಬೇಗ ಮಾರಿದರೆ ಕಡಿಯುವ ಶುಲ್ಕವಾದ ಎಕ್ಸಿಟ್ ಲೋಡ್ ಎಷ್ಟು ದಿನದವರೆಗೆ ಎಂದು ನೋಡಿ; ಸಾಮಾನ್ಯವಾಗಿ 15ರಿಂದ 30 ದಿನ ಇರುತ್ತದೆ. ಮಾರಿದ ಮೇಲೆ ಹಣ ಖಾತೆಗೆ ಬರಲು ಎರಡು ಕೆಲಸದ ದಿನ ಬೇಕು. ಖರೀದಿಗೆ ಒಂದು ವಾರ ಮೊದಲೇ ಮಾರಿಬಿಡಿ.

ಸಾಲಪತ್ರಗಳಲ್ಲಿ ಹಣ ಹೂಡುವ ಶಾರ್ಟ್ ಡ್ಯೂರೇಶನ್ ಫಂಡ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಹೆಸರಲ್ಲಿ ‘ಶಾರ್ಟ್’ ಇದ್ದರೂ ಅದರ ಡ್ಯೂರೇಶನ್, ಅಂದರೆ ಸಾಲಪತ್ರಗಳ ಹಣ ವಾಪಸ್ ಬರಲು ಹಿಡಿಯುವ ಸರಾಸರಿ ಅವಧಿ, 1ರಿಂದ 3 ವರ್ಷ. ಎರಡು ವರ್ಷದ್ದಾದರೆ, ಮಾರುಕಟ್ಟೆ ಬಡ್ಡಿ ಅರ್ಧ ಶೇಕಡಾ ಏರಿದಾಗ 10 ಲಕ್ಷದಲ್ಲಿ ಸುಮಾರು 10,000 ರೂ. ಕರಗುತ್ತದೆ. ಅದನ್ನು ತುಂಬಿಕೊಳ್ಳಲು ಎರಡು ತಿಂಗಳ ಗಳಿಕೆ ಬೇಕು. ಅಪಾಯ ಹೊತ್ತರೂ ತೆರಿಗೆಯಲ್ಲಿ ಲಾಭವಿಲ್ಲ: 2023ರ ಏಪ್ರಿಲ್ 1ರಿಂದ ಕೊಂಡ ಸಾಲಪತ್ರ ಫಂಡ್‌ಗಳ ಲಾಭಕ್ಕೂ ಎಫ್‌ಡಿಯಂತೆಯೇ ಸ್ಲ್ಯಾಬ್ ತೆರಿಗೆ.

ಜನವರಿಯ ಖರೀದಿ ಮುಂದಕ್ಕೆ ಹೋಗುವಂತಿದ್ದರೆ ಆರ್ಬಿಟ್ರೇಜ್ ಯೂನಿಟ್‌ಗಳನ್ನು ಮಾರುವ ಮುನ್ನ ಕೊಂಡ ತಾರೀಖು ನೋಡಿ. 12 ತಿಂಗಳು ದಾಟಿದರೆ, ಆ ವರ್ಷ ಬೇರೆ ಷೇರು ಲಾಭ ಇಲ್ಲದವರಿಗೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ.